ಜೋಡಿ ಮಾತ್ರೆ ಬಿಡಿಸಿ ಕೊಟ್ಟಿದ್ದು

ನನ್ನ ಭಾವನಿಗೆ ಜೋಡಿ ಮಾತ್ರೆಯನ್ನು ಬಿಡಿಬಿಡಿಯಾಗಿ ಕೊಟ್ಟವಳು ನಾನೇ. ಡಾಕ್ಟರು ಬರೆದದ್ದು ಒಂದು, ನಾನು ಕೊಟ್ಟದ್ದು ಎರಡು. ಕೊಡುವಾಗ ನನಗೆ ಕೊಂಬು ಬಂದಿತ್ತು ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರು ಹೇಳುವುದಕ್ಕಿಂತ ಅದು ವಾಸಿ.

ನನ್ನದು ಔಷಧಿ ಅಂಗಡಿ. ಭಾವನದು ಎರಡು ಬೀದಿ ಆಚೆ ಕ್ಷೌರದ ಅಂಗಡಿ, ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಕೆಲಸ. ಕಳೆದ ವರ್ಷ ಹೃದಯಾಘಾತವಾಗಿ ಎರಡು ಸ್ಟೆಂಟ್ ಹಾಕಿದರು. ಅಕ್ಕ ಆ ವಾರವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಇವರ ಔಷಧಿ ಜವಾಬ್ದಾರಿ ನಿಂದೇ ಕಣೇ, ನಂಗೆ ಒಂದೂ ಗೊತ್ತಾಗಲ್ಲ" ಅಂದಿದ್ದಳು. ನಾನು ಹೂಂ ಅಂದಿದ್ದೆ.

ಡಾಕ್ಟರು ಮೊದಲು ರೊಸುವಾಸ್ಟಾಟಿನ್ ಇಪ್ಪತ್ತು ಮಿಲಿಗ್ರಾಂ ಬರೆದರು. ಕೊಲೆಸ್ಟ್ರಾಲ್ ಇಳಿಯಿತು, ಆದರೆ ಭಾವನ ಕಾಲು ಹಿಡಿದುಕೊಂಡಿತು. ನಿಂತು ಕತ್ತರಿ ಹಿಡಿಯುವವನಿಗೆ ಕಾಲೇ ಹೋದರೆ ಇನ್ನೇನು? "ಡಾಕ್ಟರಮ್ಮ, ನಿನ್ನ ರೊಸುವಾ ನನ್ನ ಮೀನಖಂಡ ತಿಂದುಬಿಡ್ತು" ಅಂತ ನನ್ನನ್ನೇ ಬೈದರು. ನಾನು ಬಿ.ಫಾರ್ಮ್ ಓದಿದವಳು ಅಂತ ಅಕ್ಕನ ಮದುವೆಯಾದ ಹೊಸತರಿಂದಲೂ ಹೀಗೆಯೇ ಕರೆಯುತ್ತಾರೆ.

ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ನೋಡಿದರು. ಸ್ನಾಯುಗಳಿಗೆ ಏಟೇನೂ ಆಗಿರಲಿಲ್ಲ. ಎರಡು ವಾರ ಮಾತ್ರೆ ನಿಲ್ಲಿಸಿದರು, ನೋವು ಹೋಯಿತು. ಆಮೇಲೆ ಜೋಡಿ ಮಾತ್ರೆ ಬರೆದರು. ರೊಸುವಾಸ್ಟಾಟಿನ್ ಹತ್ತು, ಎಜೆಟಿಮಿಬ್ ಹತ್ತು, ಎರಡೂ ಒಂದೇ ಗುಳಿಗೆಯಲ್ಲಿ.

ಅದರ ಲೆಕ್ಕ ಸರಳ. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನು ಸ್ಟಾಟಿನ್ ತಗ್ಗಿಸುತ್ತದೆ. ಕರುಳು ಅದನ್ನು ಒಳಗೆ ಎಳೆದುಕೊಳ್ಳುವುದನ್ನು ಎಜೆಟಿಮಿಬ್ ತಡೆಯುತ್ತದೆ. ಸ್ಟಾಟಿನ್ ಅನ್ನು ದುಪ್ಪಟ್ಟು ಮಾಡಿದರೆ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಇನ್ನೊಂದು ಆರು ಪರ್ಸೆಂಟ್ ಇಳಿದರೆ ಹೆಚ್ಚು. ಎಜೆಟಿಮಿಬ್ ಸೇರಿಸಿದರೆ ಇಪ್ಪತ್ತರ ಹತ್ತಿರ ಇಳಿಯುತ್ತದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದೇ ಔಷಧಿಯಿಂದ ಗುರಿ ಮುಟ್ಟದಿದ್ದಾಗ, ಅಥವಾ ಹೆಚ್ಚಿನ ಸ್ಟಾಟಿನ್ ಮೈಗೆ ಒಗ್ಗದಿದ್ದಾಗ, ಡಾಕ್ಟರುಗಳು ಇದನ್ನೇ ಬರೆಯುತ್ತಾರೆ. ಭಾವನ ಎಲ್‌ಡಿಎಲ್ ಮೊದಲು ನೂರ ನಲವತ್ತು ಇತ್ತು. ಜೋಡಿ ಮಾತ್ರೆ ತಿಂದು ಐವತ್ತೆರಡಕ್ಕೆ ಬಂತು. ಡಾಕ್ಟರು ಕೇಳಿದ್ದು ಐವತ್ತೈದರ ಒಳಗೆ. ಆರು ತಿಂಗಳು ಕಾಲುನೋವಿನ ಸುದ್ದಿಯೇ ಇಲ್ಲ.

ಆಮೇಲೆ ನನಗೆ ಬುದ್ಧಿ ಬಂತು ನೋಡಿ. ಜೋಡಿ ಮಾತ್ರೆಯ ಬೆಲೆ ಜಾಸ್ತಿ ಅಂತ ಅಕ್ಕ ಒಂದು ದಿನ ಗೊಣಗಿದಳು. ದೊಡ್ಡ ಕಂಪನಿಯದ್ದನ್ನು ಬೇರೆ ಬೇರೆಯಾಗಿ ಕೊಂಡರೆ ಜೋಡಿಗಿಂತ ದುಬಾರಿಯೇ ಆಗುತ್ತದೆ. ಆದರೆ ನನ್ನ ಹತ್ತಿರ ಸಣ್ಣ ಕಂಪನಿಯ ಬಿಡಿ ಮಾತ್ರೆಗಳಿದ್ದವು, ಅದೇ ಔಷಧಿ, ಅದೇ ಪ್ರಮಾಣ. ಎರಡೂ ಸೇರಿ ಜೋಡಿಯ ಅರ್ಧ ಬೆಲೆಗೆ ಸ್ವಲ್ಪ ಮೇಲೆ. ಡಾಕ್ಟರಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅದೇ ಔಷಧಿ ತಾನೇ, ಅವರನ್ನು ಯಾಕೆ ಕೇಳುವುದು ಅಂದುಕೊಂಡೆ. ತಮ್ಮನಿಗೆ, ಚಿಕ್ಕಮ್ಮನಿಗೆ, ಸಿಕ್ಕಸಿಕ್ಕವರಿಗೆಲ್ಲ ಈ ಉಳಿತಾಯದ ಸುದ್ದಿ ಹೇಳಿಕೊಂಡು ತಿರುಗಿದೆ.

ಮೂರು ತಿಂಗಳಾದ ಮೇಲೆ ಡಾಕ್ಟರೇ ಫೋನ್ ಮಾಡಿದರು.

"ನಿಮ್ಮ ಭಾವನ ಎಲ್‌ಡಿಎಲ್ ನೂರ ಹದಿನಾಲ್ಕು ಬಂದಿದೆ. ಮಾತ್ರೆ ದಿನಾ ತಗೋತಿದ್ದೀನಿ ಅಂತಾರೆ. ಹೀಗೇ ಇದ್ರೆ ಇಂಜೆಕ್ಷನ್ ಬರೀಬೇಕಾಗುತ್ತೆ, ಅದು ಭಾಳ ದುಬಾರಿ. ಅದಕ್ಕೂ ಮುಂಚೆ ಕೇಳೋಣ ಅಂತ. ನೀವು ಏನು ಕೊಡ್ತಿದ್ದೀರಿ?"

ಹೇಳಿದೆ.

"ನಾನು ಜೋಡಿ ಬರೆದದ್ದೇ ಅವರ ಸ್ವಭಾವ ನೋಡಿ ಕಣಮ್ಮ. ಎರಡು ಕೊಟ್ರೆ ಒಂದು ಬಿಡ್ತಾರೆ."

ಎಜೆಟಿಮಿಬ್ ಒಂದೇ ತಿಂದರೆ ನೂರ ನಲವತ್ತು ಇದ್ದ ಎಲ್‌ಡಿಎಲ್ ಎಷ್ಟಕ್ಕೆ ಇಳಿಯಬಹುದು ಅಂತ ಮನಸ್ಸಿನಲ್ಲೇ ಹಾಕಿ ನೋಡಿದೆ. ನೂರ ಹದಿನಾಲ್ಕಕ್ಕೇ ಬಂತು. ಅಂದರೆ ಭಾವ ಬಿಟ್ಟದ್ದು ರೊಸುವಾಸ್ಟಾಟಿನ್. ಶಟರ್ ಅರ್ಧ ಎಳೆದು ಸೀದಾ ಭಾವನ ಅಂಗಡಿಗೆ ನಡೆದೆ.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಭಾವ ಒಂದು ಕುರ್ಚಿಯಲ್ಲಿ ತಾವೇ ಕಾಲು ಚಾಚಿ ಕೂತಿದ್ದರು. ಅವರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಏನು ಡಾಕ್ಟರಮ್ಮ, ಗಡ್ಡ ಮಾಡಿಸ್ಕೊಳ್ಳೋಕೆ ಬಂದ್ಯಾ?"

"ತಮಾಷೆ ಸಾಕು ಭಾವ. ಎರಡು ಮಾತ್ರೇಲಿ ಯಾವುದು ತಿಂತಿದ್ದೀರಿ?"

ನಕ್ಕು ಸುಮ್ಮನಾಗೋಣ ಅಂತ ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಕನ್ನಡಿಯ ಕೆಳಗಿನ ಡ್ರಾಯರ್ ಎಳೆದರು. ಹಳೇ ಬ್ಲೇಡಿನ ಪ್ಯಾಕೆಟ್ಟುಗಳ ಹಿಂದೆ ರೊಸುವಾಸ್ಟಾಟಿನ್‌ನ ಒಂಬತ್ತು ಸ್ಟ್ರಿಪ್ಪು. ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ.

"ಹೆಸರು ನೋಡ್ದೆ. ಕಾಲು ತಿಂದಿದ್ದು ಅದೇ ತಾನೇ? ಮತ್ತೆ ಅದನ್ನೇ ಕೊಟ್ಯಲ್ಲ ಮಾರಾಯ್ತಿ ಅಂತ ಪಕ್ಕಕ್ಕಿಟ್ಟೆ. ನಿನಗೆ ಹೇಳಿದ್ರೆ ಬೇಜಾರಾಗ್ತೀಯ. ದುಡ್ಡು ಉಳಿಸಿಕೊಟ್ಟೆ ಅಂತ ಊರೆಲ್ಲಾ ಸಾರಿದ್ದೆಯಲ್ಲ."

"ಭಾವ, ಜೋಡಿ ಮಾತ್ರೇಲೂ ಅದೇ ಇತ್ತು. ಇದೇ ಹತ್ತು ಮಿಲಿಗ್ರಾಂ. ಆರು ತಿಂಗಳು ತಿಂದ್ರಿ, ಕಾಲು ನೋಯ್ತಾ?"

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಜೋಡಿ ಮಾತ್ರೆಯ ಡಬ್ಬಿಯ ಮೇಲೆ ದೊಡ್ಡದಾಗಿ ಇದ್ದದ್ದು ಕಂಪನಿ ಇಟ್ಟ ಹೆಸರು. ಒಳಗೇನಿದೆ ಅಂತ ಸಣ್ಣಕ್ಷರದಲ್ಲಿತ್ತು. ಡಾಕ್ಟರು ಬಾಯಿಬಿಟ್ಟು ಹೇಳಿದ್ದರಂತೆ, ಭಾವ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

"ಇಲ್ಲ, ನೋಯ್ಲಿಲ್ಲ" ಅಂದರು. ಆಮೇಲೆ ತುಂಬ ಮೆಲ್ಲಗೆ, "ಈಗ ಕಾಲಲ್ಲ. ಒಂದು ವಾರದಿಂದ ಮೆಟ್ಟಿಲು ಹತ್ತಿದ್ರೆ ಎದೆ ಬಿಗಿಯುತ್ತೆ. ನಿಮ್ಮಕ್ಕಂಗೆ ಹೇಳಿಲ್ಲ."

ಕೈಕಾಲು ತಣ್ಣಗಾಯಿತು ಅಂತ ಹೇಳುವುದು ಸುಲಭ. ನಿಜವಾಗಿ ನನಗೆ ಬಂದದ್ದು ಸಿಟ್ಟು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. "ಏಳಿ" ಅಂದೆ. ಅಂಗಡಿಗೆ ಬೀಗ ಹಾಕಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮಾರನೆಯ ದಿನ ಆಂಜಿಯೋಗ್ರಾಂ. ಹಳೇ ಸ್ಟೆಂಟುಗಳು ಸರಿಯಾಗಿದ್ದವು, ಬೇರೆ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಮೂರನೆಯ ಸ್ಟೆಂಟ್ ಹಾಕಿದರು. ಭಾವ ಉಳಿದರು.

ಹೊರಗಿನ ಓಣಿಯಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿ, "ನಾನು ಬಿಡಿಸಿ ಕೊಟ್ಟಿದ್ದಕ್ಕೇ ಹೀಗಾಯ್ತಾ?" ಅಂತ ಕೇಳಿದೆ.

"ಮೂರು ತಿಂಗಳಿಗೇ ಇಷ್ಟಾಯ್ತು ಅಂತ ಹೇಳೋಕಾಗಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಾನೂ ಹೇಳೋಕಾಗಲ್ಲ" ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಮತ್ತೆ ಜೋಡಿ ಮಾತ್ರೆಯನ್ನೇ ಬರೆದು, "ಬದಲಾಯಿಸಬಾರದು" ಅಂತ ಅಡಿಗೆರೆ ಎಳೆದರು.

ಭಾವ ಹಾಸಿಗೆಯಲ್ಲಿ ನಗುತ್ತಲೇ ಇದ್ದರು. "ತಪ್ಪು ನಂದು, ಅವಳನ್ನ ಬೈಬೇಡ" ಅಂತ ಅಕ್ಕನಿಗೆ ಎರಡು ಸಲ ಹೇಳಿದರು. ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ, ಇಬ್ಬರೂ ಅತ್ತು, ಅಲ್ಲಿಗೆ ಮುಗಿಯುತ್ತಿತ್ತು.

ಬಿಡುಗಡೆಯ ದಿನ ಔಷಧಿ ಚೀಟಿ ತೆಗೆದುಕೊಳ್ಳಲು ಕೈ ಚಾಚಿದೆ. ಅಕ್ಕ ಅದನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಬಸ್‌ಸ್ಟ್ಯಾಂಡ್ ಹತ್ರ ಇರೋ ಅಂಗಡೀಲಿ ತಗೋತೀನಿ ಕಣೇ. ಅವನು ಚೀಟೀಲಿ ಇದ್ದಿದ್ದನ್ನೇ ಕೊಡ್ತಾನೆ."

ದನಿಯಲ್ಲಿ ಒಂಚೂರೂ ಬಿಸಿ ಇರಲಿಲ್ಲ. "ಸರಿ ಅಕ್ಕ" ಅಂದೆ. ಭಾವನ ಚಪ್ಪಲಿ ಮಂಚದ ಕೆಳಗೆ ಒಳಕ್ಕೆ ಸರಿದಿದ್ದವು, ಬಗ್ಗಿ ತೆಗೆದುಕೊಟ್ಟೆ.