ಹತ್ತು ನಿಮಿಷ ಕಳೆದರೆ ಯಾರು

ಎಂಟು ಹೆಡ್‌ಫೋನುಗಳನ್ನು ಅವಳು ಒಂದೊಂದಾಗಿ ಒರೆಸಿ ಮೇಜುಗಳ ಮೇಲಿಡುತ್ತಿದ್ದಳು. ದೂರು ವಿಭಾಗಕ್ಕೆ ಅವಳೇ ಕಿರಿಯವಳು, ಎಲ್ಲರ ಬಾಯಲ್ಲೂ ಪುಟ್ಟಿ. ಅವಳ ಹೆಸರಿಗೆ ಟೈಪಾದ ಎಚ್ಚರಿಕೆ ಪತ್ರವೊಂದು ಮ್ಯಾನೇಜರರ ಮೇಜಿನಲ್ಲಿ ಸಹಿಗಾಗಿ ಕಾದು ಕೂತಿತ್ತು.

ಗಿರಾಕಿಗಳ ಶೀತಲ ಕೋಣೆಗಳನ್ನು ನೋಡಿಕೊಳ್ಳುವ ಕಂಪನಿ ಅದು. ಹೋದ ವಾರ ಔಷಧದ ಗೋದಾಮೊಂದರಲ್ಲಿ ಕೋಣೆ ಬಿಸಿಯಾಗತೊಡಗಿತ್ತು. ಪುಟ್ಟಿ ಫೋನ್ ಮಾಡಿದರೆ ಎಂಜಿನಿಯರ್ ಎತ್ತಲಿಲ್ಲ. ಮ್ಯಾನೇಜರಿಗೆ ಕರೆ ಮಾಡುವ ಮೊದಲು ಮೆಸೇಜು ಹಾಕಿ ಅಪ್ಪಣೆ ಕೇಳುವುದು ಅಲ್ಲಿನ ರೂಢಿ. ಕೇಳಿದಳು. ಅವರು ಮೀಟಿಂಗಿನಲ್ಲಿದ್ದರು. ನಲವತ್ತು ನಿಮಿಷ ಮೊಬೈಲನ್ನೇ ನೋಡುತ್ತ ಕೂತಳು. ಅಷ್ಟರಲ್ಲಿ ಅರ್ಧ ಔಷಧ ಕೆಟ್ಟಿತ್ತು. ಎಚ್ಚರಿಕೆ ಪತ್ರ ಅದಕ್ಕೇ.

ತುರ್ತು ದೂರು ಯಾವ ಹಂತದಲ್ಲಿ, ಎಷ್ಟು ನಿಮಿಷಕ್ಕೆ, ಯಾರ ಕೈಗೆ ಹೋಗುತ್ತದೆಂಬ ಎಸ್ಕಲೇಷನ್ ಪಟ್ಟಿ ಈ ದಿನ ಸಂಜೆ ನಾಲ್ಕರೊಳಗೆ ಬರದಿದ್ದರೆ ಬೇರೆ ಕಂಪನಿ ನೋಡಿಕೊಳ್ಳುವುದಾಗಿ ಗೋದಾಮಿನ ಯಜಮಾನಿ ಹೇಳಿದ್ದರು. ಬರೆಯುವ ಕೆಲಸ ಪುಟ್ಟಿಯ ತಲೆಗೇ ಬಿತ್ತು.

"ಯಜಮಾನಿ ಒಪ್ಪಿದ್ರೆ ಸರ್ ಆ ಪತ್ರ ಹರಿದು ಹಾಕ್ತಾರಂತೆ ಕಣೆ," ಎಂದರು ತಂಡದ ಮುಖ್ಯಸ್ಥೆ, ಎಲ್ಲರ ಅಕ್ಕ. "ತಲೆ ತಗ್ಗಿಸಿ ಬರಿ."

ಬರೆದಳು. ಇಡೀ ಕೋಣೆ ಕೆಟ್ಟರೆ ಮೊದಲ ದರ್ಜೆ, ಬರೀ ಬಾಗಿಲ ದೀಪ ಹೋದರೆ ಮೂರನೆಯದು. ಮೊದಲ ದರ್ಜೆಯ ದೂರು ನೇರ ಎಂಜಿನಿಯರಿಗೆ. ಹತ್ತು ನಿಮಿಷದಲ್ಲಿ ಅವರು ಎತ್ತದಿದ್ದರೆ ಅಕ್ಕನಿಗೆ, ಇನ್ನು ಹತ್ತಕ್ಕೆ ಮ್ಯಾನೇಜರಿಗೆ. ಪ್ರತಿ ಹೆಸರಿನ ಪಕ್ಕ, ಅವರು ಸಿಗದಿದ್ದರೆ ಕರೆ ಎತ್ತುವ ಬದಲಿಯ ಹೆಸರಿಗೊಂದು ಜಾಗ. ಕೆಳಗೆ ಒಂದೇ ಸಾಲು: ಸಮಯ ಮೀರಿದರೆ ಅಪ್ಪಣೆ ಕೇಳಬೇಕಾಗಿಲ್ಲ.

ಎಂಜಿನಿಯರ್ ಬಗ್ಗಿ ಓದಿದ. "ಹತ್ತೇ ನಿಮಿಷನಾ? ನಾನು ಸ್ನಾನಕ್ಕೂ ಹೋಗಬಾರ್ದಾ, ತಾಯಿ?"

"ಹೋಗು, ಫೋನ್ ಹೊರಗೆ ನನ್ನ ಕೈಗೆ ಕೊಟ್ಟು ಹೋಗು," ಎಂದರು ಅಕ್ಕ. ಎಲ್ಲರೂ ನಕ್ಕರು.

ಮ್ಯಾನೇಜರ್ ಕನ್ನಡಕ ಏರಿಸಿ ಕೊನೆಯ ಸಾಲಿಗೆ ಬಂದರು. ಹುಬ್ಬು ಗಂಟಾಯಿತು. ಮತ್ತೊಮ್ಮೆ ಓದಿ, "ಇರಲಿ ಬಿಡು," ಎಂದರು. ಆಮೇಲೆ ತಮ್ಮ ಹೆಸರಿನ ಪಕ್ಕ ಬೆರಳಿಟ್ಟರು.

"ಇದೇನು, ನನ್ನ ಪಕ್ಕ ಖಾಲಿ?"

"ನಿಮ್ಮ ಬದಲಿ ಯಾರಂತ ನಂಗೆ ಗೊತ್ತಿಲ್ಲ, ಸರ್."

"ನಾನಿದೀನಲ್ಲ. ಹಾಗೇ ಕಳಿಸು, ನಾಲ್ಕಕ್ಕೆ ಹತ್ತೇ ನಿಮಿಷ ಇದೆ."

ಅವಳ ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು. ಒತ್ತಿದರೆ ಪತ್ರ ಹರಿದಂತೆಯೇ. ಆದರೆ ಮತ್ತೆ ಅವರು ಮೀಟಿಂಗಿನಲ್ಲಿದ್ದರೆ ಕಾಯುತ್ತ ಕೂರಬೇಕಾದವಳು ತಾನೇ. ಅವಳು ಕೈಯನ್ನು ಮಡಿಲಿಗೆ ತಂದುಕೊಂಡಳು.

ಅಕ್ಕ ಫೈಲಿನಲ್ಲಿ ಮುಳುಗಿದರು. ಎಂಜಿನಿಯರಿಗೆ ಇದ್ದಕ್ಕಿದ್ದಂತೆ ಮೊಬೈಲು ನೆನಪಾಯಿತು. ಇತರರು ಹೆಡ್‌ಫೋನು ಏರಿಸಿಕೊಂಡರು. ಮ್ಯಾನೇಜರ್ ಗೋಡೆಯ ಗಡಿಯಾರ ನೋಡಿದರು.

ಪುಟ್ಟಿ ಎದ್ದು ನಿಂತು, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಸರ್ ಸಿಗದಿದ್ರೆ ಯಾರಿಗೆ ಮಾಡಲಿ, ಒಂದು ಹೆಸರು ಹೇಳಿ."