ಹೆಪ್ಪುಗಟ್ಟದ ಎಣ್ಣೆ

ಫೋಟೋಗೆಂದು ತಂದ ಎಲೆ ಬಾಡಬಾರದೆಂದು ಅಕ್ಕ ತನ್ನ ಸ್ಟುಡಿಯೋದ ಏಸಿಯನ್ನು ಬೆಳಗಿನಿಂದಲೇ ಜೋರಾಗಿ ಇಟ್ಟಿದ್ದಳು. ದೀಪದ ಕಾವಿಗೆ ಒಂದೆಲಗ ಬೇಗ ಜೋತುಬೀಳುತ್ತದೆ. ದಾಸವಾಳದ ಎಲೆ ಒಂದಿಷ್ಟು ತಡೆದುಕೊಳ್ಳುತ್ತದೆ, ಕರಿಬೇವು ಇನ್ನೂ ಗಟ್ಟಿ. ಮೂರನ್ನೂ ಐಸ್ ನೀರಿನಲ್ಲಿ ಮುಳುಗಿಸಿಟ್ಟು, ಒಂದೊಂದನ್ನೇ ಬಟ್ಟೆಯ ಮೇಲೆ ಒತ್ತಿ ನೀರು ತೆಗೆದು, ಹಿತ್ತಾಳೆಯ ಗಿಂಡಿಯ ಸುತ್ತ ಜೋಡಿಸುವುದೇ ಅರ್ಧ ಕೆಲಸ. ಎಲೆಯ ಮೇಲಿನ ಇಬ್ಬನಿ ಗ್ಲಿಸರಿನ್ ಬೆರೆಸಿದ ನೀರು. ಬರೀ ನೀರು ಜಾರಿಹೋಗುತ್ತದೆ, ಇದು ಹನಿಯಾಗಿ ನಿಲ್ಲುತ್ತದೆ. ಗಿಂಡಿಯ ಹೊಟ್ಟೆಯಲ್ಲಿ ಕ್ಯಾಮೆರಾ, ದೀಪ, ಅವಳ ಮುಖ ಎಲ್ಲವೂ ಕಾಣುವುದರಿಂದ ಸುತ್ತಲೂ ಬಿಳಿ ರಟ್ಟು ನಿಲ್ಲಿಸಿದ್ದಳು.

ಈ ಚಿತ್ರ ಬೇಕಿದ್ದ ಕೂದಲೆಣ್ಣೆಯ ಕಂಪನಿ ಅವಳ ತಮ್ಮನದು. ಮೊದಲು ಅದು ಕಂಪನಿಯಾಗಿರಲಿಲ್ಲ. ತಾಯಿ ಅಡುಗೆಮನೆಯಲ್ಲಿ ಸೊಪ್ಪು ಅರೆದು, ತೆಂಗಿನೆಣ್ಣೆಯಲ್ಲಿ ಕಾಯಿಸಿ, ಅಕ್ಕಪಕ್ಕದವರಿಗೆ ಕೊಡುತ್ತಿದ್ದರು. ತಮ್ಮ ಅದಕ್ಕೆ ಹೆಸರಿಟ್ಟ, ಸೀಸೆ ಕೊಟ್ಟ, ಗೋದಾಮು ಕಟ್ಟಿದ. ಆ ಗೋದಾಮಿನ ಮಹಡಿಯ ಕೋಣೆಯೇ ಅಕ್ಕನ ಸ್ಟುಡಿಯೋ. ಸೀಸೆಯ ಮೇಲಿನ ಚಿತ್ರ ಮೊದಲಿನಿಂದಲೂ ಒಂದೇ: ಗಿಂಡಿಯಿಂದ ಎಣ್ಣೆ ಸುರಿಯುತ್ತಿರುವ ತಾಯಿಯ ಕೈಗಳು. ಬಲಗೈ ಮಣಿಕಟ್ಟಿನ ಮೇಲೆ ಕಾದ ಎಣ್ಣೆ ಸಿಡಿದ ಗಾಯ, ಸಣ್ಣ ಎಲೆಯಷ್ಟು. ಅಳಿಸಿಬಿಡು ಎಂದು ತಮ್ಮ ಒಮ್ಮೆ ಹೇಳಿದ್ದ. ಅಕ್ಕ ಅಳಿಸಿರಲಿಲ್ಲ. ಅಂಗಡಿಯವರು ಈಗ ಅದನ್ನು ‘ಗಾಯದ ಕೈ ಎಣ್ಣೆ’ ಎಂದೇ ಕರೆಯುತ್ತಾರೆ.

ಈ ಬಾರಿ ಹೊಸ ಸೀಸೆ, ಹಾಗಾಗಿ ಹೊಸ ಚಿತ್ರ. ತಾಯಿ ಕೈ ತೊಳೆದು, ಬಳೆ ಸರಿಮಾಡಿಕೊಂಡು, ಶಾಲು ಹೊದ್ದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಇದೇನು ಸ್ಟುಡಿಯೋನೋ, ಮೀನು ಇಡೋ ಪೆಟ್ಟಿಗೆನೋ ಎಂದು ಗೊಣಗಿದ್ದೂ ಆಗಿತ್ತು.

ಊಟ ಮುಗಿಸಿ ಬಂದಾಗ ಅಕ್ಕನಿಗೆ ತನ್ನ ಮರೆವು ನೆನಪಾಯಿತು. ಪ್ರತಿ ಸಲ ಸೀಸೆಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟಿರುತ್ತಿದ್ದಳು. ಇಲ್ಲದಿದ್ದರೆ ಈ ತಂಪಿಗೆ ತೆಂಗಿನೆಣ್ಣೆ ಮೊದಲು ಮಬ್ಬಾಗಿ, ಆಮೇಲೆ ಬೆಣ್ಣೆಯಂತೆ ಹೆಪ್ಪುಗಟ್ಟಿ, ಗಿಂಡಿಯ ಮೂತಿಯಲ್ಲಿ ಸಿಕ್ಕಿಕೊಂಡು ದಿನವೆಲ್ಲ ಹಾಳುಮಾಡುತ್ತಿತ್ತು. ಇವತ್ತು ಎಲೆ ತಡವಾಗಿ ಬಂದ ಗಡಿಬಿಡಿಯಲ್ಲಿ ಬಕೆಟ್ಟನ್ನೇ ಇಟ್ಟಿರಲಿಲ್ಲ. ತನ್ನನ್ನೇ ಬೈದುಕೊಳ್ಳುತ್ತ ಸೀಸೆ ಎತ್ತಿದಳು. ಎಣ್ಣೆ ತಿಳಿಯಾಗಿತ್ತು. ಓರೆ ಮಾಡಿದರೆ ನೀರಿನಂತೆ ಓಡಿತು.

ಅವಳು ಸಂತೋಷಪಡಬೇಕಿತ್ತು. ಪಡಲಿಲ್ಲ.

ಕಪಾಟಿನಲ್ಲಿ ಹಿಂದಿನ ಶೂಟಿಂಗಿನ ಒಂದು ಸೀಸೆ ಉಳಿದಿತ್ತು. ಅದನ್ನೂ ಹೊಸದನ್ನೂ ಸೊಪ್ಪು ಇಡುವ ಫ್ರಿಜ್ಜಿನಲ್ಲಿ ಅಕ್ಕಪಕ್ಕ ಇಟ್ಟಳು. ಒಂದರ ಫಲ ನೋಡಿ ತೀರ್ಮಾನಿಸುವುದು ಬೇಡ, ಎರಡಕ್ಕೂ ಒಂದೇ ಚಳಿ ಸಿಗಲಿ ಎಂದು. ಕಾಯುವ ಹೊತ್ತಿನಲ್ಲಿ ಹೊಸ ಸೀಸೆ ಬಂದಿದ್ದ ರಟ್ಟಿನ ಡಬ್ಬದ ಹಿಂಬದಿ ಓದಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ ಮೊದಲ ಹೆಸರೇ ಲಿಕ್ವಿಡ್ ಪ್ಯಾರಾಫಿನ್. ಸೀಮೆಎಣ್ಣೆಯ ಬಳಗದ್ದು, ಶುದ್ಧ ಮಾಡಿದ್ದು. ಬಣ್ಣ, ಪರಿಮಳ ಆಮೇಲೆ. ಸೊಪ್ಪಿನ ಸಾರ ಎಲ್ಲಕ್ಕಿಂತ ಕೊನೆಗೆ. ತೆಂಗು ಎಲ್ಲಿಯೂ ಇರಲಿಲ್ಲ.

ಫ್ರಿಜ್ಜಿನಿಂದ ತೆಗೆದಾಗ ಹಳೆಯದು ತಿಳಿಹಸಿರಾಗಿ ಗಟ್ಟಿಯಾಗಿತ್ತು. ಹೊಸದು ಇನ್ನೂ ಓಡುತ್ತಿತ್ತು. ಎರಡನ್ನೂ ತಾಯಿಯ ಕೈಗೆ ಕೊಟ್ಟಳು. ತಾಯಿ ಹೊಸದರ ಮುಚ್ಚಳ ತೆಗೆದು ಮೂಸಿದರು, ಅಂಗೈಗೆ ಹಾಕಿ ತಿಕ್ಕಿದರು. ಆಮೇಲೆ ಆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

“ಅವನನ್ನ ಕರಿ,” ಎಂದರು.

ತಮ್ಮ ಫೋನಿನಲ್ಲಿ ಮಾತಾಡುತ್ತಲೇ ಮೆಟ್ಟಿಲು ಹತ್ತಿ ಬಂದ. ವಿಷಯ ತಿಳಿದ ಮೇಲೂ ಅವನ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಛಾಯೆ ಇರಲಿಲ್ಲ, ಬೇಸರವಿತ್ತು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗುತ್ತದೆಂದು ಅಂಗಡಿಗಳಿಂದ ಸೀಸೆಗಳು ವಾಪಸ್ಸು ಬರುತ್ತಿವೆ, ಜನಕ್ಕೆ ಜಿಡ್ಡು ಬೇಡ, ಸೊಪ್ಪು ಕಾಯಿಸಿದ ತೆಂಗಿನೆಣ್ಣೆ ಬೇಗ ಕಮಟು ಹಿಡಿಯುತ್ತದೆ ಎಂದೆಲ್ಲ ವಿವರಿಸಿದ. ಪ್ಯಾರಾಫಿನ್ ಹಾಕುವುದು ಅಪರಾಧವಲ್ಲ, ಎಲ್ಲರೂ ಹಾಕುತ್ತಾರೆ, ಯಾರ ಕೂದಲೂ ಹಾಳಾಗಿಲ್ಲ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕ ಅದನ್ನು ಒಪ್ಪಿಕೊಂಡಳು ಕೂಡ.

“ಹಿಂದೆ ಸ್ಪಷ್ಟವಾಗಿ ಬರೆದಿದೀನಲ್ಲಕ್ಕ. ಏನು ಮುಚ್ಚಿಟ್ಟೆ?”

“ಹಿಂದೆ ಬರೆದಿರೋದು ನಿಂದು. ಮುಂದೆ ಇರೋ ಚಿತ್ರ ನಂದು. ತೆಂಗಿನಕಾಯಿ ಒಡೆದಿಡು, ಗಿಂಡಿ ಇಡು, ಅಮ್ಮನ ಕೈಯಲ್ಲಿ ಸುರಿಸು ಅಂತ ಹೇಳಿ ಕಳಿಸಿದೀಯ. ಈ ಸೀಸೆಯಲ್ಲಿ ಇಲ್ಲದ್ದನ್ನ ನಾನು ಅದರ ಪಕ್ಕ ಇಡಲ್ಲ.”

ತಮ್ಮ ನಕ್ಕ. ಎಲೆಯ ಮೇಲಿನ ಹನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ತೋರಿಸಿದ. “ಗ್ಲಿಸರಿನ್ ಹಾಕಿ ಇಬ್ಬನಿ ಅಂತ ತೋರಿಸೋಳು ನೀನು. ನಂಗೆ ಸತ್ಯದ ಪಾಠ ಮಾಡ್ತೀಯಾ, ಮಹಾತಾಯಿ?”

“ಇಬ್ಬನಿಯನ್ನ ಯಾರೂ ದುಡ್ಡು ಕೊಟ್ಟು ತಲೆಗೆ ಹಚ್ಚಿಕೊಳ್ಳಲ್ಲ,” ಎಂದಳು ಅಕ್ಕ.

ಅವನ ನಗು ಅಲ್ಲಿಗೆ ನಿಂತಿತು. ಕೋಣೆ ತನ್ನದು, ಬೇರೆ ಫೋಟೋಗ್ರಾಫರ್ ನಾಳೆಯೇ ಬರುತ್ತಾನೆ, ತಿಂಗಳು ಮುಗಿಯುವುದರೊಳಗೆ ಜಾಗ ಖಾಲಿಮಾಡಿದರೆ ಒಳ್ಳೆಯದು ಎಂದ. ಅಕ್ಕ ನೆಲದ ಮೇಲೆ ಹರಡಿದ್ದ ವೈರುಗಳನ್ನು ಒಮ್ಮೆ ನೋಡಿದಳು. ಬೇರೆ ಕೋಣೆ ಎಲ್ಲಿ ಹುಡುಕುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ, ಆಗಲಿ, ಖಾಲಿ ಮಾಡುತ್ತೇನೆ ಎಂದಳು.

ತಮ್ಮ ತಾಯಿಯ ಕಡೆ ತಿರುಗಿದ. ಅವಳ ಹಟ ಇದ್ದದ್ದೇ, ನೀನು ಸುಮ್ಮನೆ ಕೈ ಕೊಡು, ಹತ್ತು ನಿಮಿಷದ ಕೆಲಸ ಎಂದು ಮೆತ್ತಗೆ ಹೇಳಿದ. ತಾಯಿ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

“ಕೊಡಲ್ಲ.”

“ಅಮ್ಮಾ, ಕೈಗೇನು ಬರ? ಬೇರೆಯವರ ಕೈ ಸಿಗುತ್ತೆ.”

“ಸಿಗಲಿ. ಈ ಗಾಯ ಎಲ್ಲಿಂದ ತರ್ತೀಯ? ಒಲೆ ಮುಂದೆ ನಿಂತು ಸುಟ್ಟುಕೊಂಡಿದ್ದು ನಾನು. ಬಣ್ಣ ಬಳಿದು ಬರೆಸ್ತೀಯಾ? ಬರೆಸು. ಅಂಗಡಿ ಅಂಗಡಿಗೆ ಹೋಗಿ ಇದು ನನ್ನ ಕೈಯಲ್ಲ ಅಂತ ತೋರಿಸಿ ಬರ್ತೀನಿ. ನಂಗೂ ಮನೇಲಿ ಬೇರೇನು ಕೆಲಸ ಇಲ್ಲ.”

ಹಳೆಯ ಚಿತ್ರವನ್ನೇ ಹಾಕುತ್ತೇನೆ ಎಂದ ತಮ್ಮ. ಹಾಕು, ಆದರೆ ಅದೇ ದಿನ ಫ್ರಿಜ್ಜಿನಿಂದ ತೆಗೆದ ಈ ಎರಡು ಸೀಸೆಗಳ ಚಿತ್ರವನ್ನೂ ನನ್ನ ಹೆಸರಲ್ಲೇ ಎಲ್ಲರೂ ನೋಡುವ ಹಾಗೆ ಹಾಕುತ್ತೇನೆ ಎಂದಳು ಅಕ್ಕ. ಅವನು ಮೇಜಿನ ಮೇಲಿದ್ದ ಹೊಸ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಇಳಿದುಹೋದ. ಕೆಳಗೆ ಗೋದಾಮಿನ ಶಟರ್ ದಡ್ಡೆಂದು ಬಿತ್ತು.

ಅಕ್ಕ ದೀಪ ಆರಿಸಲು ಹೋದಳು.

“ಯಾಕೆ ಆರಿಸ್ತೀಯ? ಕರೆಂಟು ತಿಂಗಳ ಕೊನೆವರೆಗೂ ಅವನದೇ,” ಎಂದರು ತಾಯಿ. ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಮೇಜಿನ ಮುಂದೆ ಬಂದು ನಿಂತರು. ಹಳೆಯ ಸೀಸೆಯನ್ನು ಗಿಂಡಿಯ ಪಕ್ಕದ ಹಿತ್ತಾಳೆ ಬಟ್ಟಲಿನ ಮೇಲೆ ಬೋರಲು ಹಿಡಿದರು. ಏನೂ ಬೀಳಲಿಲ್ಲ.

“ಸುರಿಯೋದು ಬೇಡಮ್ಮ. ಹಾಗೇ ಹಿಡಿದುಕೋ,” ಎಂದಳು ಅಕ್ಕ.

ತಾಯಿ ತಾವೇ ಕೈಯನ್ನು ಇನ್ನಷ್ಟು ಹೊರಳಿಸಿ, ಗಾಯ ಕ್ಯಾಮೆರಾದ ಕಡೆಗೆ ಬರುವಂತೆ ಮಾಡಿಕೊಂಡರು. ಅಕ್ಕ ಸೀಸೆಯ ಹಿಂದೆ ಬಿಳಿ ರಟ್ಟು ನಿಲ್ಲಿಸಿ ಬೆಳಕು ಬಿಟ್ಟಳು. ಬೆಳಕು ದಾಟಿ ಬರಲಿಲ್ಲ. ಗಟ್ಟಿ ಎಣ್ಣೆ ಅದನ್ನು ತನ್ನೊಳಗೇ ಹಿಡಿದುಕೊಂಡು ಮಂಕಾಗಿ ಹೊಳೆಯಿತು. ಇಷ್ಟು ವರ್ಷವೂ ಬಿಸಿನೀರಿನ ಬಕೆಟ್ಟಿನಿಂದ ಅವಳು ಅಳಿಸಿಹಾಕುತ್ತಿದ್ದುದು ಇದನ್ನೇ.

ಅವಳು ಎಲೆಗಳನ್ನು ಒಮ್ಮೆ ಒರೆಸಿದಳು. ಗ್ಲಿಸರಿನ್ ಹನಿಗಳು ಹೋದವು.

“ಕೈ ಅಲ್ಲಾಡಿಸಬೇಡ,” ಎಂದಳು.

“ನಾನೆಲ್ಲಿ ಅಲ್ಲಾಡ್ತಿದೀನಿ? ನೀನು ನಿನ್ನ ಕೆಲಸ ನೋಡು,” ಎಂದರು ತಾಯಿ.