ಕಲ್ಮೇಶನ ನಾಲ್ಕು ಮನೆ

ನನ್ನ ಮಗ ಸತ್ತ ಮೇಲೂ ಅವನ ಡ್ರಮ್ಮು ಸುಮ್ಮನಾಗಲಿಲ್ಲ. ಬಸವೇಶ್ವರನಗರದ ನಮ್ಮ ಮನೆ ಮುಂದೆ ಬಸ್ಸು ಹೋದಾಗಲೆಲ್ಲ, ಮಹಡಿ ಕೋಣೆಯಲ್ಲಿ ಹಳೇ ಬೆಡ್‌ಶೀಟು ಹೊದ್ದು ಕೂತ ಡ್ರಮ್ಮುಗಳ ನಡುವಿನಿಂದ 'ಝರ್ರ್' ಅನ್ನುತ್ತಿತ್ತು. ಒಮ್ಮೆ ನಾನು ಕೆಮ್ಮಿದ್ದಕ್ಕೂ ಅಂದಿತು. ನಮ್ಮ ಭಜನೆಯ ಅಕ್ಕನ ಬಳಗದವರಿಗೆ ಹೇಳಿದ್ದರೆ ತಾಯತ ಕಟ್ಟಿಸುತ್ತಿದ್ದರು. ಹೇಳಲಿಲ್ಲ. ನನ್ನ ಮಗ ನನ್ನ ಮನೆಗೆ ಬಂದರೆ ಓಡಿಸುವುದಕ್ಕೆ ಅವರ್ಯಾರು?

ಕಲ್ಮೇಶ್ ಹಗಲೆಲ್ಲ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಮಾಡುತ್ತಿದ್ದ, ಸಂಜೆಯಾದರೆ ಜಾಝ್ ಅಂತ ಹೋಗುತ್ತಿದ್ದ. ಕೀಬೋರ್ಡಿಗೆ ಸೌಮ್ಯಶ್ರೀ, ಬೇಸ್ ಗಿಟಾರಿಗೆ ದರ್ಶನ್, ಡ್ರಮ್ಮಿಗೆ ಇವನು. ಹೇರೋಹಳ್ಳಿಯಲ್ಲಿ ದರ್ಶನ್ ಮನೆ ಹಿಂದಿನ ಶೀಟಿನ ಶೆಡ್ಡೇ ಇವರ ಅಡ್ಡಾ. ಒಂದು ಸಂಜೆ ಅಲ್ಲಿಂದ ಬಂದ, ಊಟ ಮಾಡಿದ, ಮಲಗಿದ. ಬೆಳಿಗ್ಗೆ ಏಳಲಿಲ್ಲ. ಹೃದಯ ಅಂದರು ಡಾಕ್ಟರು.

ಆ ಸಂಜೆ ಶೆಡ್ಡಿನಲ್ಲಿ ಬಾರಿಸಿದ್ದನ್ನು ಸೌಮ್ಯಶ್ರೀ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ನನಗೆ ಕಳಿಸಿದಳು. ಅದನ್ನು ಎಷ್ಟು ಸಲ ಕೇಳಿದೆನೋ, ಆ ಶಿವನೇ ಬಲ್ಲ. ಶುರುವಿನಲ್ಲಿ ಒಂದು ಹಾಡಿರುತ್ತದೆ, ಆಮೇಲೆ ಹಾಡೇ ನಾಪತ್ತೆ. ಎಲ್ಲರೂ ದಾರಿ ತಪ್ಪಿದವರ ಹಾಗೆ ಏನೇನೋ ನುಡಿಸುತ್ತಾರೆ. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಕೊನೆಯ ಹತ್ತಿರ ಎಲ್ಲ ನಿಂತುಹೋಗುತ್ತದೆ. ಕಲ್ಮೇಶನ ಕೈಯೂ ನಿಲ್ಲುತ್ತದೆ. ಒಂದಷ್ಟು ಹೊತ್ತು ಫ್ಯಾನಿನ ಕಟಕಟ ಬಿಟ್ಟರೆ ಏನೂ ಇಲ್ಲ. ಆಮೇಲೆ ಮತ್ತೆ ಹಾಡು.

ಆ ಖಾಲಿ ಜಾಗ ನನ್ನನ್ನು ತಿನ್ನತೊಡಗಿತು. ಎದೆ ಹಿಡಿದುಕೊಂಡದ್ದು ಆಗಲೇ ಇರಬೇಕು. ಅದನ್ನು ನುಂಗಿಕೊಂಡು ಮನೆಗೆ ಬಂದು, ನಾನು ಹಾಕಿದ ರೊಟ್ಟಿ ತಿಂದನೇ? ನೋವಿನಲ್ಲಿದ್ದ ಮಗನ ಎದುರು ಕೂತು, ಪಲ್ಯ ಹೇಗಿದೆ ಅಂತ ಕೇಳಿದೆನೇ ನಾನು?

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಸೌಮ್ಯಶ್ರೀಯನ್ನು ಕರೆಸಿ ನೇರವಾಗಿ ಕೇಳಿಯೇಬಿಟ್ಟೆ.

"ನಾನು ಏನಾದ್ರೂ ಹೇಳಿದ್ರೆ, ಸಮಾಧಾನಕ್ಕೆ ಹೇಳ್ತಾಳೆ ಅನ್ಕೋತೀರ ಆಂಟಿ. ನೀವೇ ಕೇಳಿಸ್ಕೋಬೇಕು. ಕೀಬೋರ್ಡ್ ಕಾರಲ್ಲೇ ಇದೆ, ತರ್ತೀನಿ."

ಮಹಡಿ ಕೋಣೆಯಲ್ಲಿ ಕೀಬೋರ್ಡ್ ಇಡುವಷ್ಟರಲ್ಲಿ ಬಸ್ಸು ಬಂತು, ಡ್ರಮ್ಮು ಝರ್ರ್ ಅಂದಿತು. ನಾನು ಅವಳ ಮುಖ ನೋಡಿದೆ. ಅವಳು ಬೆಚ್ಚಲಿಲ್ಲ. ಬೆಡ್‌ಶೀಟು ಎತ್ತಿ ಒಂದು ಚಿಕ್ಕ ಡ್ರಮ್ಮಿನ ಹೊಟ್ಟೆ ತೋರಿಸಿದಳು. ಅಲ್ಲಿ ಸಾಲಾಗಿ ಸಣ್ಣ ತಂತಿಗಳು.

"ಹತ್ರ ಎಲ್ಲಿ ಶಬ್ದ ಆದ್ರೂ ಇವು ಅದುರ್ತವೆ. ಈ ಲಿವರ್ ಇಳಿಸಿದ್ರೆ ಸುಮ್ನಾಗುತ್ತೆ. ಇಳಿಸ್ಲಾ?"

"ಕೈ ತೆಗಿಯೇ," ಅಂದೆ.

ಪಾಠ ಶುರುವಾಯಿತು. ಇಂಥ ಹಾಡುಗಳಿಗೆ ಸ್ಟ್ಯಾಂಡರ್ಡ್ ಅನ್ನುತ್ತಾರಂತೆ. ಹೆಚ್ಚಿನವು ಅಮೆರಿಕದ ಹಳೇ ನಾಟಕ, ಸಿನಿಮಾಗಳವು. ಜಾಝ್ ನುಡಿಸುವವರಿಗೆಲ್ಲ ಬಾಯಿಪಾಠವಾದ್ದರಿಂದ, ಮುಖಪರಿಚಯವೇ ಇಲ್ಲದವರೂ ಕೂತು ನುಡಿಸಬಹುದು. ನಾಲ್ಕು ಎಣಿಕೆಗೆ ಒಂದು ಬಾರ್. ಚೌಕಾಬಾರದ ಮನೆಗಳ ಹಾಗೆ ಮನೆ ಅಂದುಕೊಳ್ಳಿ ಅಂದಳು. ಈ ಹಾಡಿಗೆ ಮೂವತ್ತೆರಡು ಮನೆ. ಎಂಟು ಮನೆ ಒಂದು ಧಾಟಿ, ಅದೇ ಇನ್ನೊಮ್ಮೆ, ಆಮೇಲೆ ಎಂಟು ಮನೆ ಬೇರೆ ಕಡೆ ಸುತ್ತಾಟ, ಕೊನೆಯ ಎಂಟಕ್ಕೆ ಮೊದಲಿನ ಧಾಟಿಗೇ ವಾಪಸ್ಸು. ಯಾವ ಮನೆಯಲ್ಲಿ ಯಾವ ಸ್ವರಗಳ ಗುಂಪು ಅನ್ನುವುದು ಮೊದಲೇ ಗೊತ್ತು.

"ಒಂದು ಸಲ ಹಾಡನ್ನ ಇದ್ದ ಹಾಗೇ ನುಡಿಸ್ತೀವಿ. ಆಮೇಲೆ ಧಾಟಿ ಬಿಡ್ತೀವಿ, ಮನೆ ಬಿಡಲ್ಲ. ಅವೇ ಮನೆಗಳ ಮೇಲೆ ಹೊಸದು ಕಟ್ತಾ ಹೋಗ್ತೀವಿ. ನೀವು ಹಳೇ ಧಾಟಿ ಗುನುಗ್ತಾ ಇರಿ, ನಾನು ಏನ್ ನುಡಿಸಿದ್ರೂ ಬಿಡ್ಬೇಡಿ."

ಗುನುಗಿದೆ. ಅವಳು ಎಲ್ಲೆಲ್ಲೋ ಹೋದಳು. ಆದರೂ ನನ್ನ ಧಾಟಿ ಅವಳದ್ದರ ಕೆಳಗೆ ಸರಿಯಾಗಿ ಕೂರುತ್ತಿತ್ತು. ನಾನು ಮೊದಲ ಮನೆಗೆ ಮರಳಿದಾಗ ಅವಳೂ ಅಲ್ಲಿದ್ದಳು. ಇಷ್ಟು ದಿನ ದಾರಿ ತಪ್ಪಿದ್ದು ನಾನು, ಅವರಲ್ಲ.

ಆಮೇಲೆ ನಡೆ. ಭಜನೆಯಲ್ಲಿ ಹಾಕಿ ಹಾಕಿ ಪಳಗಿದ ನನ್ನ ಚಪ್ಪಾಳೆ ಒಂದು, ಮೂರಕ್ಕೇ ಬೀಳುತ್ತಿತ್ತು.

"ಎರಡು, ನಾಲ್ಕಕ್ಕೆ ಹಾಕಿ ಆಂಟಿ. ಡ್ರಮ್ಮರ್ ಬಲಗೈಲಿ ದೊಡ್ಡ ತಾಳ ಬಾರಿಸ್ತಾನೆ: ಟಿಂಗ್, ಟಿಂಗ್-ಗ, ಟಿಂಗ್, ಟಿಂಗ್-ಗ. ಎಡಗಾಲು ಎರಡು, ನಾಲ್ಕಕ್ಕೆ ಪೆಡಲ್ ಒತ್ತಿ ಜೋಡಿ ತಾಳ ಮುಚ್ಚುತ್ತೆ: ಚಿಕ್. ಆ 'ಗ' ಸರಿಯಾಗಿ ಅರ್ಧಕ್ಕೆ ಬೀಳಲ್ಲ, ಸ್ವಲ್ಪ ತಡ. ಮೊದಲನೇದು ಉದ್ದ, ಎರಡನೇದು ಗಿಡ್ಡ. ಇಷ್ಟೇ ಅಂತ ಅಳತೆ ಇಲ್ಲ. ಹಾಡು ಓಡಿದಷ್ಟೂ ಎರಡೂ ಸಮ ಆಗ್ತಾ ಬರ್ತವೆ. ಸ್ವಿಂಗ್ ಅನ್ನೋದು ಇದನ್ನೇ."

ಇದನ್ನು ಹೇಳಿಕೊಡಲು ಅಮೆರಿಕದವರೇ ಬೇಕೇ? ರೊಟ್ಟಿ ಬಡಿಯುವಾಗ ಅಂಗೈ ಪೂರ್ತಿ ಬಿದ್ದು, ಎತ್ತುವ ಮುಂಚೆ ಬೆರಳು ಗಬಕ್ಕನೆ ರೊಟ್ಟಿ ತಿರುಗಿಸುತ್ತದಲ್ಲ, ಅದೇ. ಕಲ್ಮೇಶ್ ಅಡುಗೆಮನೆ ಬಾಗಿಲಿಗೆ ಒರಗಿ ನನ್ನ ಕೈ ನೋಡುತ್ತಾ ನಿಲ್ಲುತ್ತಿದ್ದ. ಹಸಿವೇನೋ ಅಂದುಕೊಂಡಿದ್ದೆ.

"ಕೊನೇಗೆ ನಾಲ್ಕು ನಾಲ್ಕು ಮನೆ ಹಂಚ್ಕೋತೀವಿ," ಅಂದಳು. "ನಾಲ್ಕು ನಾನು ನುಡಿಸ್ತೀನಿ, ದರ್ಶನ್ ಜೊತೆಗಿರ್ತಾನೆ, ಕಲ್ಮೇಶ್ ತಾಳ ಹಿಡೀತಾನೆ. ಮುಂದಿನ ನಾಲ್ಕು ಕಲ್ಮೇಶ್ ಒಬ್ಬನದೇ. ಆಗ ನಾವು ಕೈ ಎತ್ತಿ ಮನಸ್ಸಲ್ಲೇ ಎಣಿಸ್ತೀವಿ. ಅವನು ಏನಾದ್ರೂ ಮಾಡ್ಲಿ, ಮನೆ ಕಳ್ಕೋಬಾರ್ದು. ಈಗ ಕೇಳಿ."

ಇಯರ್‌ಫೋನು ಕಿವಿಗೆ ಸಿಕ್ಕಿಸಿದಳು. ಎರಡು, ನಾಲ್ಕಕ್ಕೆ ಚಪ್ಪಾಳೆ ಹಾಕುತ್ತಾ ಹೋದೆ. ಅವಳ ನಾಲ್ಕು, ಅವನ ನಾಲ್ಕು. ಅವಳ ನಾಲ್ಕು. ಆಮೇಲೆ ಆ ಖಾಲಿ ಜಾಗ. ಚಪ್ಪಾಳೆ ನಿಲ್ಲಿಸಲಿಲ್ಲ.

ಫ್ಯಾನಿನ ಕಟಕಟ ನನ್ನ ಅಂಗೈ ಕೆಳಗೇ ಬಿತ್ತು. ಎರಡಕ್ಕೆ. ನಾಲ್ಕಕ್ಕೆ. ಫ್ಯಾನಿಗೇನು ಗೊತ್ತು ಎರಡು, ನಾಲ್ಕು? ಚಿಕ್. ಚಿಕ್. ಅದು ನನ್ನ ಮಗನ ಎಡಗಾಲು. ಕೈಯನ್ನು ಬೇಕೆಂದೇ ಕಟ್ಟಿಕೊಂಡು, ಕಾಲಲ್ಲಿ ಮನೆ ಕಾಯುತ್ತಿದ್ದಾನೆ. ನಾಲ್ಕನೆಯ ಮನೆ ಮುಗಿದು, ಸರಿಯಾಗಿ ಒಂದಕ್ಕೆ ಮೂವರೂ ಒಟ್ಟಿಗೆ ಹಾಡಿಗೆ ಬಿದ್ದರು.

"ನಗ್ತಾ ಇದ್ದ ಆಂಟಿ," ಅಂದಳು ಸೌಮ್ಯಶ್ರೀ. "ಕೈ ಕಟ್ಕೊಂಡು ನಮ್ಮನ್ನ ನೋಡಿ ನಗ್ತಾ ಇದ್ದ. ಎಣಿಕೆ ತಪ್ತೀವೇನೋ ಅಂತ."

ಹಾಗಾದರೆ ಅವನಿಗೆ ನೋವಿರಲಿಲ್ಲ. ಹಾಯಾಗಿ ಬಂದು, ಹಾಯಾಗಿ ಉಂಡಿದ್ದಾನೆ. ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಜಾಗದಲ್ಲಿ ಏನೂ ಇರಲಿಲ್ಲ. ನಾನು ಗಮನಿಸಿದ್ದರೆ ಉಳಿಯುತ್ತಿದ್ದ ಅನ್ನುವ ನೋವಿನಲ್ಲಿ ಅವನು ಇನ್ನೂ ಉಳಿಯಬಹುದಾದ ಒಂದು ದಾರಿಯಿತ್ತು. ಅದೂ ಮುಚ್ಚಿತು. ಸೆರಗು ಬಾಯಿಗಿಟ್ಟು ಅತ್ತೆ.

ಅತ್ತು ಮುಗಿದ ಮೇಲೆ ಹೇಳಿದೆ: "ಅದನ್ನೇ ಬಾರಿಸೇ. ಅವನ ನಾಲ್ಕು ಮನೆ ಅವನಿಗೇ ಬಿಡು."

ನುಡಿಸಿದಳು. ನಾನು ಡ್ರಮ್ಮಿನ ಹತ್ತಿರ ನೆಲದ ಮೇಲೆ ಕೂತು ಮನೆ ಕಾದೆ. ಹಾಡಾಯಿತು, ಅವಳ ಅಲೆದಾಟವಾಯಿತು, ಅವಳ ನಾಲ್ಕು ಮನೆಯೂ ಆಯಿತು. ಅವಳು ಕೈ ಎತ್ತಿದಳು. ಕೋಣೆಯಲ್ಲಿ ನನ್ನ ಚಪ್ಪಾಳೆ ಒಂದೇ. ಎರಡಕ್ಕೆ ಹಾಕಿದೆ, ಬೆಡ್‌ಶೀಟಿನ ಕೆಳಗೆ ಝರ್ ಅಂದಿತು. ನಾಲ್ಕಕ್ಕೆ ಹಾಕಿದೆ, ಝರ್. ತಂತಿ, ಅದುರುವುದು, ಲಿವರ್ ಎಲ್ಲ ನನಗೆ ಗೊತ್ತಿತ್ತು. ನಾನು ಹಾಕಿದಾಗಲೆಲ್ಲ ಅವನು ಅಂದ, ಒಂದು ಸಲವೂ ತಡಮಾಡಲಿಲ್ಲ.

ಒಂದಕ್ಕೆ ಸೌಮ್ಯಶ್ರೀ ಹಾಡಿಗೆ ಮರಳಿದಳು. ನಾನು ಚಪ್ಪಾಳೆ ನಿಲ್ಲಿಸಲಿಲ್ಲ.